ಕ್ಯಾನಿನ ನೀಲಿ ಯಾಕೆ ಹೋಗಲಿಲ್ಲ?

ಬೆಂಗಳೂರಿನ ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನ ಜವಾಬ್ದಾರಿ ನನ್ನದು. ಲವಣದಲ್ಲಿ ಏನಿದೆ ಎಂದು ಗುರುತಿಸುವ ಸಾಲ್ಟ್ ಅನಾಲಿಸಿಸ್ ಶುರುವಾದರೆ ತಾಮ್ರದಂಥ ಲೋಹಗಳ ಲವಣ ಕರಗಿದ, ಬಳಸಿಬಿಟ್ಟ ನೀರೆಲ್ಲ ಒಂದು ಕ್ಯಾನಿಗೆ ಹೋಗುತ್ತದೆ. ಸೀಸಕ್ಕೆ ಬೇರೆ ಕ್ಯಾನ್, ಅಸಿಟೋನ್ ಮತ್ತು ಆಲ್ಕೋಹಾಲ್‌ಗೆ ಬೇರೆ, ಕ್ಲೋರೋಫಾರ್ಮ್‌ಗೆ ಇನ್ನೊಂದು. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಇದ್ದಲ್ಲಿ ಕ್ಷಾರ ಸೇರಿದರೆ ಜೋರಾಗಿ ಬಿಸಿಯೇರಿ ಬಾಟಲಿ ಒಡೆಯಬಹುದು. ಹಾಗಾಗಿ ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಕಳೆದ ವರ್ಷ ತಾಮ್ರದ ಲವಣದ ನೀರು ಸೇರುವ ಆ ಕ್ಯಾನಿನಲ್ಲಿ ಸುಮಾರು 3 ಲೀಟರ್ ತುಂಬಿತ್ತು. ಎಂದಿನಂತೆ ವಾಷಿಂಗ್ ಸೋಡಾದ ದ್ರಾವಣ ಸ್ವಲ್ಪ ಸ್ವಲ್ಪವೇ ಹಾಕಿದೆ. ಪಿಎಚ್ ಪೇಪರ್ 9 ತೋರಿಸಿತು. ರಾತ್ರಿ ಕಳೆದರೆ ತಾಮ್ರ ಹಸಿರು ಗಸಿಯಾಗಿ ಕೆಳಗೆ ಕೂತು, ಮೇಲೆ ತಿಳಿನೀರು ನಿಲ್ಲಬೇಕು. ಬೆಳಿಗ್ಗೆ ನೋಡಿದರೆ ಮೇಲಿನ ನೀರು ಗಾಢ ನೀಲಿ!

"ಮೇಡಂ, ಮುಚ್ಚಳ ತೆಗೆದ್ರೆ ಮೂಗು ಉರಿಯುತ್ತೆ" ಎಂದರು ಅಟೆಂಡರ್ ಅಣ್ಣ. ಆಗ ಗೊತ್ತಾಯಿತು. ತಾಮ್ರವನ್ನು ಗುರುತಿಸಲು ಮಕ್ಕಳು ಅಮೋನಿಯಾ ಹಾಕಿದ್ದ ಟ್ಯೂಬುಗಳನ್ನೂ ಅದೇ ಕ್ಯಾನಿಗೆ ಸುರಿದಿದ್ದರು. ಅಮೋನಿಯಾ ತಾಮ್ರವನ್ನು ಹಿಡಿದುಕೊಂಡು ನೀರಲ್ಲೇ ಉಳಿಸುತ್ತದೆ. ಸೋಡಾ ಎಷ್ಟು ಹಾಕಿದರೂ ಅದು ಪೂರ್ತಿ ಗಸಿಯಾಗುವುದಿಲ್ಲ.

ದಾರಿ ಬದಲಿಸಿದೆವು. ಕನ್ನಡಕ, ಗ್ಲೌಸ್ ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಕ್ಯಾನಿನ ನೀರನ್ನು ದೊಡ್ಡ ಬಕೆಟ್‌ಗೆ ಸುರಿದು, ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ನಿಧಾನವಾಗಿ ಸೇರಿಸಿದೆವು. ಸೋಡಾ ಇದ್ದುದರಿಂದ ನೊರೆ ಉಕ್ಕಿತು. ಕ್ಯಾನಿನೊಳಗೇ ಹಾಕಿ ಮುಚ್ಚಿದ್ದರೆ ಉಬ್ಬಿ ಒಡೆಯುತ್ತಿತ್ತು. ಪಿಎಚ್ 2–3ಕ್ಕೆ ಬಂದಾಗ ತಾಮ್ರದ ಮೇಲೆ ಅಮೋನಿಯಾದ ಹಿಡಿತ ತಪ್ಪಿ ಬಣ್ಣ ತಿಳಿನೀಲಿಯಾಯಿತು. ಎಣ್ಣೆ ತೊಳೆದ ಸ್ಟೀಲ್ ವೂಲ್ ಮುಳುಗಿಸಿ, ಹೈಡ್ರೋಜನ್ ಹೊರಹೋಗಲಿ ಅಂತ ಮುಚ್ಚಳ ಸಡಿಲ ಬಿಟ್ಟೆವು. ಸ್ವಲ್ಪ ಹೊತ್ತಿನಲ್ಲೇ ವೂಲ್ ಮೇಲೆ ಕೆಂಪು ತಾಮ್ರ ಕೂರತೊಡಗಿತು. ಕಬ್ಬಿಣ ಕರಗಿ ತನ್ನ ಜಾಗವನ್ನು ತಾಮ್ರಕ್ಕೆ ಬಿಟ್ಟುಕೊಡುತ್ತದೆ.

ಎರಡು ದಿನ ಬಿಟ್ಟು ಕೆಲವು ಹನಿ ತೆಗೆದು ಅಮೋನಿಯಾ ಹಾಕಿ ಸೋಸಿ ನೋಡಿದೆ. ಕಬ್ಬಿಣದ ಗಸಿ ಬಂತು, ಸೋಸಿದ ನೀರಲ್ಲಿ ನೀಲಿ ಇರಲಿಲ್ಲ. ಆದರೂ ಸಿಂಕ್‌ಗೆ ಬಿಡಲಿಲ್ಲ. ಲೀಟರಿಗೆ ಕೆಲವೇ ಮಿಲಿಗ್ರಾಂ ಉಳಿದಿದ್ದರೆ ಈ ಪರೀಕ್ಷೆಗೆ ಕಾಣುವುದಿಲ್ಲ, ಅಲ್ವಾ? ನಗರದ ಪಶ್ಚಿಮ ಭಾಗದ ಕೊಳಚೆ ಹೋಗಿ ಸೇರುವುದು ವೃಷಭಾವತಿ ನದಿಗೆ. ಅದಕ್ಕೆ ನನ್ನ ತಾಮ್ರ ಬೇಡ. ನೀರನ್ನು ತಟಸ್ಥ ಮಾಡಿ, ಟೆರೇಸಿನ ಶೀಟಿನಡಿ ಅಗಲ ತಟ್ಟೆಯಲ್ಲಿ ಆರಲು ಬಿಟ್ಟೆವು. ಉಳಿದ ಗಸಿ ಮತ್ತು ತಾಮ್ರ ಲೇಬಲ್ ಹಚ್ಚಿದ ಡಬ್ಬಿಯಲ್ಲಿ, ಅಪಾಯಕಾರಿ ತ್ಯಾಜ್ಯ ಒಯ್ಯಲು ಅನುಮತಿ ಇರುವವರಿಗೆ ಹೋಯಿತು.

ಮೊದಲು ಲೇಬಲ್ ಮೇಲೆ "ತಾಮ್ರ" ಮತ್ತು ತಾರೀಖು ಮಾತ್ರ ಇರುತ್ತಿತ್ತು. ಈಗ ಪೆನ್ಸಿಲಿನಲ್ಲಿ ಬರೆಯುತ್ತೇವೆ, ಏಕೆಂದರೆ ಪೆನ್ನಿನ ಶಾಯಿ ಆಸಿಡ್ ತಾಗಿದರೆ ಅಳಿದುಹೋಗುತ್ತದೆ. ಜೊತೆಗೆ ಒಂದು ಸಾಲು ಹೆಚ್ಚಾಗಿದೆ: "ಅಮೋನಿಯಾ ಸೇರಿದೆ / ಇಲ್ಲ". ಬೆಂಚುಗಳ ಮೇಲೆ ಅಮೋನಿಯಾ ಹಾಕಿದ ಟ್ಯೂಬುಗಳಿಗೆ ಪ್ರತ್ಯೇಕ ಬೀಕರ್ ಇಟ್ಟಿದ್ದೇವೆ.