ಕ್ಲೋಸ್ಡ್ ಪರ್ಮಿಟ್, ಓಪನ್ ಪರ್ಮಿಟ್: ಕೆನಡಾದಲ್ಲಿ ಕೆಲಸ ಹೋದ ದಿನ ಏನಾಗುತ್ತದೆ

“ನಮ್ಮ ಯಜಮಾನರಿಗೆ ಬೆಂಗಳೂರು ಆಫೀಸಿನಿಂದ ಟೊರೊಂಟೊಗೆ ಟ್ರಾನ್ಸ್‌ಫರ್ ಆಗಿದೆ. ಅವರದ್ದು ಕ್ಲೋಸ್ಡ್ ಪರ್ಮಿಟ್ ಅಂತೆ, ನನಗೆ ಓಪನ್ ಸಿಗುತ್ತದಂತೆ. ಎರಡಕ್ಕೂ ಏನು ವ್ಯತ್ಯಾಸ? ನಾಳೆ ಅವರ ಕೆಲಸ ಹೋದರೆ ನಮ್ಮಿಬ್ಬರ ಗತಿ ಏನು?”

ಮೊದಲು ಇಬ್ಬರ ಕೆಲಸದ ಪರ್ಮಿಟ್ ಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ನಿಮ್ಮ ಯಜಮಾನರ ಪತ್ರದಲ್ಲಿ ಉದ್ಯೋಗದಾತರ ಹೆಸರು ಇರುತ್ತದೆ, ಯಾವ ಹುದ್ದೆ ಎಂಬುದು ಇರುತ್ತದೆ, ಸಾಮಾನ್ಯವಾಗಿ ಯಾವ ಊರು ಎಂಬುದೂ ಇರುತ್ತದೆ. ಅವರು ಆ ಕಂಪನಿಗೆ, ಆ ಹುದ್ದೆಯಲ್ಲಿ, ಅಲ್ಲಿ ಬರೆದ ಷರತ್ತುಗಳಿಗೆ ಒಳಪಟ್ಟು ಮಾತ್ರ ದುಡಿಯಬಹುದು. ವಾರಾಂತ್ಯದಲ್ಲಿ ಬೇರೆ ಕಡೆ ನಾಲ್ಕು ಗಂಟೆ ಕೆಲಸ ಮಾಡಿದರೂ ಅದು ಅನುಮತಿಯಿಲ್ಲದ ಕೆಲಸವೇ ಆಗುತ್ತದೆ. ನಿಮ್ಮ ಪತ್ರದಲ್ಲಿ ಉದ್ಯೋಗದಾತರ ಹೆಸರಿರಬೇಕಾದ ಜಾಗದಲ್ಲಿ ಓಪನ್ ಎಂದು ಇರುತ್ತದೆ. ನೀವು ಬ್ಯಾಂಕಿನಲ್ಲಿ ಸೇರಿ ಮೂರು ತಿಂಗಳಿಗೆ ಬಿಟ್ಟು ಅಂಗಡಿಯೊಂದರಲ್ಲಿ ಸೇರಿದರೂ ವಲಸೆ ಇಲಾಖೆಗೆ ತಿಳಿಸುವ ಅಗತ್ಯವಿಲ್ಲ.

ಓಪನ್ ಎಂಬುದಕ್ಕೂ ಕೆಲವು ಮಿತಿಗಳಿವೆ. ನಿಯಮ ಮುರಿದು ಸರ್ಕಾರದ ಅನರ್ಹರ ಪಟ್ಟಿಗೆ ಸೇರಿದ ಉದ್ಯೋಗದಾತರ ಬಳಿ ಕೆಲಸ ಮಾಡುವಂತಿಲ್ಲ. ಇದಕ್ಕಿಂತ ಹೆಚ್ಚಾಗಿ ನಮ್ಮವರಿಗೆ ತೊಡಕಾಗುವುದು ವೈದ್ಯಕೀಯ ಪರೀಕ್ಷೆಯ ವಿಚಾರ. ಇಲಾಖೆ ಒಪ್ಪಿದ ವೈದ್ಯರಲ್ಲಿ ಪರೀಕ್ಷೆ ಮಾಡಿಸದೆ ಅರ್ಜಿ ಹಾಕಿದವರ ಪರ್ಮಿಟ್‌ನಲ್ಲಿ, ಮಕ್ಕಳ ಆರೈಕೆ, ಶಾಲೆಯ ಪಾಠ ಮತ್ತು ಆರೋಗ್ಯ ಸೇವೆಯ ಕೆಲಸಗಳಿಗೆ ಅನುಮತಿಯಿಲ್ಲ ಎಂಬ ಷರತ್ತು ಬೀಳಬಹುದು. ಊರಿನಲ್ಲಿ ನರ್ಸ್ ಆಗಿದ್ದವರು, ಇಲ್ಲಿ ಡೇಕೇರ್‌ನಲ್ಲಿ ಸೇರಬೇಕೆಂದಿರುವವರು ಹೊರಡುವ ಮುನ್ನವೇ ಆ ಪರೀಕ್ಷೆ ಮಾಡಿಸಿಕೊಂಡರೆ, ಷರತ್ತು ತೆಗೆಸಲು ಮತ್ತೊಂದು ಅರ್ಜಿ ಹಾಕಿ ಕಾಯುವುದು ತಪ್ಪುತ್ತದೆ.

ಇಷ್ಟು ಪತ್ರದ ಮೇಲೆ ಕಾಣುವ ವ್ಯತ್ಯಾಸ. ನಿಜವಾದ ವ್ಯತ್ಯಾಸ ಇರುವುದು ಆ ಪರ್ಮಿಟ್ ಯಾವ ಆಧಾರದ ಮೇಲೆ ನಿಂತಿದೆ ಎಂಬಲ್ಲಿ. ಯಾವ ಪರ್ಮಿಟ್ಟೂ ಆಧಾರವಿಲ್ಲದೆ ಬರುವುದಿಲ್ಲ. ಕ್ಲೋಸ್ಡ್ ಪರ್ಮಿಟ್ ಒಬ್ಬ ಉದ್ಯೋಗದಾತರನ್ನು ಆಧರಿಸಿದ್ದರೆ, ಓಪನ್ ಪರ್ಮಿಟ್ ಬೇರೆ ಯಾವುದನ್ನೋ ಆಧರಿಸಿರುತ್ತದೆ: ಕೆನಡಾದಲ್ಲಿ ಮುಗಿಸಿದ ಓದು, ಸಂಗಾತಿಯ ಉದ್ಯೋಗ, ಅಥವಾ ಈಗಾಗಲೇ ಸಲ್ಲಿಸಿದ ಪಿಆರ್, ಅಂದರೆ ಕಾಯಂ ನಿವಾಸದ, ಅರ್ಜಿ. ಇಂಥ ಯಾವ ಆಧಾರವೂ ಇಲ್ಲದವರಿಗೆ “ಓಪನ್ ಮಾಡಿಸಿಕೊಡುತ್ತೇನೆ” ಎಂದು ಹಣ ಕೇಳುವ ಏಜೆಂಟರಿಂದ ದೂರವಿರುವುದು ಒಳ್ಳೆಯದು. ಅದು ದುಡ್ಡು ಕೊಟ್ಟು ಕೊಳ್ಳುವ ವಸ್ತುವಲ್ಲ. ಅದಕ್ಕೆ ಸರ್ಕಾರ ಪಡೆಯುವ ಶುಲ್ಕವೇ ಸಾಮಾನ್ಯ ಪರ್ಮಿಟ್‌ನ 155 ಡಾಲರ್ ಮತ್ತು ಅದರ ಮೇಲೆ 100 ಡಾಲರ್, ಬೆರಳಚ್ಚು ಮತ್ತು ಫೋಟೊಗೆ ಬೇರೆ.

ನಿಮ್ಮ ಯಜಮಾನರಂಥವರ ಪರ್ಮಿಟ್ ಹುಟ್ಟುವ ಬಗೆ ಹೀಗೆ. ಸಾಮಾನ್ಯವಾಗಿ ಕೆನಡಾದ ಉದ್ಯೋಗದಾತರು ಹೊರದೇಶದವರನ್ನು ನೇಮಿಸಿಕೊಳ್ಳುವ ಮೊದಲು ಎಲ್ಎಂಐಎ ಎಂಬ ಒಪ್ಪಿಗೆ ಪಡೆಯಬೇಕು. ಈ ಹುದ್ದೆಗೆ ಸ್ಥಳೀಯರು ಸಿಗಲಿಲ್ಲ, ಹೊರಗಿನವರನ್ನು ತಂದರೆ ಇಲ್ಲಿನ ದುಡಿಮೆಗಾರರಿಗೆ ತೊಂದರೆಯಿಲ್ಲ ಎಂಬ ಪರಿಶೀಲನೆ ಅದು. ಒಂದು ಹುದ್ದೆಗೆ 1,000 ಡಾಲರ್ ಶುಲ್ಕ. ಅದನ್ನು ಕಂಪನಿಯೇ ಕಟ್ಟಬೇಕು, ಕೆಲಸಗಾರರಿಂದ ವಸೂಲಿ ಮಾಡುವುದು ಕಾನೂನಿಗೆ ವಿರುದ್ಧ. ಒಂದೇ ಕಂಪನಿಯ ಒಂದು ದೇಶದ ಕಚೇರಿಯಿಂದ ಇನ್ನೊಂದು ದೇಶದ ಕಚೇರಿಗೆ ವರ್ಗವಾಗಿ ಬರುವವರಿಗೆ ಎಲ್ಎಂಐಎಯಿಂದ ವಿನಾಯಿತಿ ಇದೆ. ಕಂಪನಿ ಇಲಾಖೆಯ ಪೋರ್ಟಲ್‌ನಲ್ಲಿ ಉದ್ಯೋಗದ ವಿವರ ಸಲ್ಲಿಸಿ 230 ಡಾಲರ್ ಕಟ್ಟಿದರೆ ಒಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆಯನ್ನು ಹಾಕಿ ನೌಕರರು ಪರ್ಮಿಟ್‌ಗೆ ಅರ್ಜಿ ಹಾಕುತ್ತಾರೆ. ಹೆಚ್ಚಿನವರು ಗಮನಿಸದ ವಿಷಯವೆಂದರೆ, ಈ ವಿನಾಯಿತಿ ಸಿಕ್ಕಿರುವುದು ವರ್ಗಾವಣೆಗೇ ಹೊರತು ವ್ಯಕ್ತಿಗಲ್ಲ. ಬೇರೆ ಕಂಪನಿಗೆ ಹಾರಬೇಕೆಂದಾಗ ಅದು ಜೊತೆಗೆ ಬರುವುದಿಲ್ಲ. ಹೊಸ ಕಂಪನಿ ಎಲ್ಎಂಐಎ ತರಬೇಕು, ಇಲ್ಲವೇ ತನ್ನದೇ ಬೇರೊಂದು ವಿನಾಯಿತಿ ತೋರಿಸಬೇಕು.

ಈಗ ಕೆಲಸ ಹೋಗುವ ವಿಚಾರಕ್ಕೆ ಬರೋಣ. ಇಬ್ಬರ ಪರ್ಮಿಟ್ಟೂ 2028ರ ಜೂನ್‌ವರೆಗೆ ಇದೆ, 2026ರ ಡಿಸೆಂಬರ್‌ನಲ್ಲಿ ಪ್ರಾಜೆಕ್ಟ್ ಮುಗಿದು ಕಂಪನಿ ಅವರನ್ನು ತೆಗೆಯಿತು ಎಂದಿಟ್ಟುಕೊಳ್ಳಿ. ಅಮೆರಿಕದ ಎಚ್-1ಬಿ ಕಥೆಗಳನ್ನು ಕೇಳಿ ಬಂದವರು ಹೊಸ ಕೆಲಸ ಹುಡುಕಲು 60 ದಿನ ಎಣಿಸಲು ಶುರುಮಾಡುತ್ತಾರೆ. ಕೆನಡಾದಲ್ಲಿ ಆ ಎಣಿಕೆ ಇಲ್ಲ. ಕೆಲಸ ಹೋದ ಮಾತ್ರಕ್ಕೆ ಪರ್ಮಿಟ್ ಅಸಿಂಧುವಾಗುವುದಿಲ್ಲ. ಅದರ ಮೇಲಿನ ತಾರೀಖಿನವರೆಗೆ ಅವರು ದೇಶದಲ್ಲಿ ಕಾನೂನುಬದ್ಧವಾಗಿಯೇ ಇರಬಹುದು. “ಮಾತು ಕೇಳದಿದ್ದರೆ ನಿನ್ನ ಪರ್ಮಿಟ್ ಕ್ಯಾನ್ಸಲ್ ಮಾಡಿಸುತ್ತೇನೆ” ಎಂದು ಮಾಲೀಕರು ಹೆದರಿಸುವುದು ಇಲ್ಲಿನ ಅಡುಗೆಮನೆಗಳಲ್ಲೂ ಗೋದಾಮುಗಳಲ್ಲೂ ಆಗಾಗ ಕೇಳಿಬರುವ ಮಾತು. ಪರ್ಮಿಟ್ ಕೊಟ್ಟದ್ದು ಸರ್ಕಾರ. ಅದನ್ನು ರದ್ದುಮಾಡುವ ಅಧಿಕಾರ ಮಾಲೀಕರಿಗಿಲ್ಲ. ಆದರೆ ಇರಲು ಅನುಮತಿ ಇದ್ದರೂ ದುಡಿಯಲು ಜಾಗವಿಲ್ಲ ಎಂಬುದೇ ಕ್ಲೋಸ್ಡ್ ಪರ್ಮಿಟ್‌ನ ಬಿಗಿ. ಹೆಸರು ಬರೆದಿರುವ ಒಂದೇ ಕಂಪನಿಯ ಬಾಗಿಲು ಮುಚ್ಚಿದೆ, ಬೇರೆಡೆ ಸೇರುವಂತಿಲ್ಲ. ಬಾಡಿಗೆ ಮಾತ್ರ ಪ್ರತಿ ತಿಂಗಳ ಒಂದನೇ ತಾರೀಖಿಗೆ ತಪ್ಪದೆ ಬರುತ್ತದೆ.

ಅದೇ ಹೊತ್ತಿನಲ್ಲಿ ನಿಮ್ಮ ಪರ್ಮಿಟ್‌ಗೆ ಏನೂ ಆಗುವುದಿಲ್ಲ. ಅದನ್ನು ಕೊಟ್ಟದ್ದು ಅವರ ಉದ್ಯೋಗದ ಆಧಾರದ ಮೇಲಾದರೂ, ಒಮ್ಮೆ ಕೈಗೆ ಬಂದ ಮೇಲೆ ಅದರ ತಾರೀಖಿನವರೆಗೆ ಅದು ನಡೆಯುತ್ತದೆ. ನೀವು ಕೆಲಸದಲ್ಲಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ನಾಳೆಯೇ ಸೇರಿ. ಇಂಥ ಮನೆಗಳಲ್ಲಿ ಕಷ್ಟದ ತಿಂಗಳುಗಳನ್ನು ದಾಟಿಸುವುದು ಸಾಮಾನ್ಯವಾಗಿ ಓಪನ್ ಪರ್ಮಿಟ್ ಇರುವವರ ಸಂಬಳವೇ.

ಅವರು ಮತ್ತೆ ಕೆಲಸಕ್ಕೆ ಸೇರುವ ದಾರಿ ಇದು. ನಿಮ್ಮ ಯಜಮಾನರು ಸಾಫ್ಟ್‌ವೇರ್ ಎಂಜಿನಿಯರ್ ಎಂದಿಟ್ಟುಕೊಳ್ಳೋಣ. ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆಗೆ ಗ್ಲೋಬಲ್ ಟ್ಯಾಲೆಂಟ್ ಸ್ಟ್ರೀಮ್ ಎಂಬ ವಿಭಾಗದಲ್ಲಿ ಎಲ್ಎಂಐಎ ಕೇಳಬಹುದು. ಅಲ್ಲಿ ಜಾಹೀರಾತು ಕೊಟ್ಟು ಸ್ಥಳೀಯರನ್ನು ಹುಡುಕಲೇಬೇಕೆಂಬ ಕಡ್ಡಾಯವಿಲ್ಲ, ಅರ್ಜಿಯನ್ನು 10 ಕೆಲಸದ ದಿನಗಳಲ್ಲಿ ನೋಡುವುದು ಸರ್ಕಾರದ ಗುರಿ. ಅಡುಗೆಯವರಂಥ ಹುದ್ದೆಗಳಿಗೆ ಈ ಒಳದಾರಿ ಇಲ್ಲ, ಅಲ್ಲಿ ಮೊದಲು ವಾರಗಟ್ಟಲೆ ಜಾಹೀರಾತು, ಆಮೇಲೆ ತಿಂಗಳುಗಟ್ಟಲೆ ಕಾಯುವಿಕೆ. ಎಲ್ಎಂಐಎ ಬಂದ ಮೇಲೆ ಹೊಸ ಕಂಪನಿಯ ಹೆಸರಿನಲ್ಲಿ ಹೊಸ ಪರ್ಮಿಟ್‌ಗೆ ದೇಶದೊಳಗಿನಿಂದಲೇ ಅರ್ಜಿ ಹಾಕಬೇಕು. ಆ ಅರ್ಜಿಯ ತೀರ್ಮಾನಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, 2020ರ ಮೇ ತಿಂಗಳಲ್ಲಿ ಕೋವಿಡ್ ಸಮಯದಲ್ಲಿ ಇಲಾಖೆ ಒಂದು ತಾತ್ಕಾಲಿಕ ಸೌಲಭ್ಯ ತಂದಿತು: ಅರ್ಜಿ ಹಾಕಿದವರು ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಿ, ಒಪ್ಪಿಗೆಯ ಇಮೇಲ್ ಬಂದ ಮೇಲೆ ತೀರ್ಮಾನಕ್ಕೆ ಮೊದಲೇ ಹೊಸ ಕೆಲಸ ಶುರುಮಾಡಬಹುದು. ಅರ್ಜಿ ಹಾಕುವ ದಿನ ಈ ಸೌಲಭ್ಯದ ಆಗಿನ ಷರತ್ತುಗಳನ್ನು ಇಲಾಖೆಯ ಪುಟದಲ್ಲೇ ಓದಿಕೊಳ್ಳಿ. ಎಡವುವುದು ಬಹುತೇಕ ಇಲ್ಲಿಯೇ. ಅರ್ಜಿ ಹಾಕಿದ ರಸೀದಿಯನ್ನೇ ಒಪ್ಪಿಗೆ ಎಂದುಕೊಂಡು ಮರುದಿನ ಸೇರಿಬಿಡುವವರಿದ್ದಾರೆ. ಹಾಗೆ ದುಡಿದ ವಾರಗಳು ಅನುಮತಿಯಿಲ್ಲದ ಕೆಲಸವಾಗುತ್ತವೆ, ಮುಂದೆ ಪಿಆರ್‌ಗೆ ಅನುಭವ ತೋರಿಸುವಾಗ ಅವು ಲೆಕ್ಕಕ್ಕೆ ಬರುವುದಿಲ್ಲ ಮಾತ್ರವಲ್ಲ, ಪ್ರಶ್ನೆಗೂ ಕಾರಣವಾಗುತ್ತವೆ.

ಇನ್ನು ನಿಮ್ಮ ಓಪನ್ ಪರ್ಮಿಟ್‌ನ ನವೀಕರಣ. 2025ರ ಜನವರಿ 21ರಿಂದ ಸಂಗಾತಿಗಳ ಓಪನ್ ಪರ್ಮಿಟ್ ನಿಯಮ ಬಿಗಿಯಾಗಿದೆ. ಕೆಲಸದ ಮೇಲೆ ಬಂದವರ ಹುದ್ದೆ, ಉದ್ಯೋಗಗಳನ್ನು ಟೀರ್ ಎಂಬ ಹಂತಗಳಾಗಿ ವಿಂಗಡಿಸಿದ ಸರ್ಕಾರದ ಪಟ್ಟಿಯಲ್ಲಿ ಟೀರ್ 0 ಅಥವಾ 1ರಲ್ಲಿರಬೇಕು, ಇಲ್ಲವೇ 2 ಮತ್ತು 3ರಲ್ಲಿ ಆಯ್ದ ಹುದ್ದೆಗಳಲ್ಲಿ ಒಂದಾಗಿರಬೇಕು. ಜೊತೆಗೆ, ಸಂಗಾತಿ ಅರ್ಜಿ ಹಾಕುವ ಹೊತ್ತಿಗೆ ಅವರ ಪರ್ಮಿಟ್‌ನಲ್ಲಿ ಇನ್ನೂ 16 ತಿಂಗಳಾದರೂ ಉಳಿದಿರಬೇಕು. ಸಾಫ್ಟ್‌ವೇರ್ ಎಂಜಿನಿಯರ್ ಟೀರ್ 1ರಲ್ಲಿರುವುದರಿಂದ ಹುದ್ದೆಯ ಚಿಂತೆ ನಿಮಗಿಲ್ಲ. ತಿಂಗಳ ಲೆಕ್ಕವನ್ನು ಮಾತ್ರ ಕೂತು ಮಾಡಬೇಕು. ಅವರ ಹೊಸ ಪರ್ಮಿಟ್ ಎರಡು ವರ್ಷಕ್ಕೆ, ಅಂದರೆ 2027ರ ಏಪ್ರಿಲ್‌ನಿಂದ 2029ರ ಏಪ್ರಿಲ್‌ವರೆಗೆ ಬಂದಿತು ಎನ್ನಿ. ನಿಮ್ಮದು 2028ರ ಜೂನ್‌ಗೆ ಮುಗಿಯುತ್ತದೆ, ಇನ್ನೂ ಸಮಯವಿದೆ ಎಂದು ಆ ವರ್ಷದ ಮೇ ತಿಂಗಳವರೆಗೆ ಸುಮ್ಮನಿದ್ದರೆ, ಅಷ್ಟರಲ್ಲಿ ಅವರ ಪರ್ಮಿಟ್‌ನಲ್ಲಿ ಉಳಿಯುವುದು ಹನ್ನೊಂದು ತಿಂಗಳು. ನಿಮ್ಮ ಅರ್ಜಿ ನಿಲ್ಲುವುದಿಲ್ಲ. ಅವರ ಹೊಸ ಪರ್ಮಿಟ್ ಕೈಗೆ ಬಂದ ಕೂಡಲೇ, ನಿಮ್ಮದರಲ್ಲಿ ಒಂದು ವರ್ಷ ಬಾಕಿ ಇದ್ದರೂ, ನೀವು ಅರ್ಜಿ ಹಾಕಿದರೆ ಆ ತೊಂದರೆ ಇಲ್ಲ. ಒಂದು ವರ್ಷದ ಪರ್ಮಿಟ್ ಮಾತ್ರ ಸಿಕ್ಕರೆ ಈ ಉಪಾಯವೂ ನಡೆಯುವುದಿಲ್ಲ. ಆದ್ದರಿಂದ ಹೊಸ ಕಂಪನಿಯ ಜೊತೆ ಸಂಬಳದ ಮಾತಾಡುವಾಗ, ಎಷ್ಟು ವರ್ಷದ ಉದ್ಯೋಗಕ್ಕೆ ಎಲ್ಎಂಐಎ ಕೇಳುತ್ತೀರಿ ಎಂಬುದನ್ನೂ ಕೇಳಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಪಾಸ್‌ಪೋರ್ಟ್ ಅವಧಿಯನ್ನೂ ನೋಡಿಕೊಳ್ಳಿ; ಅದು ಮುಗಿಯುವ ದಿನವನ್ನು ದಾಟಿ ಪರ್ಮಿಟ್ ಕೊಡುವುದಿಲ್ಲ.

ಕ್ಲೋಸ್ಡ್ ಪರ್ಮಿಟ್ ಇದ್ದರೆ ಪಿಆರ್‌ಗೆ ಹೆಚ್ಚು ಬೆಲೆ ಎಂಬ ನಂಬಿಕೆ ಇನ್ನೂ ಓಡಾಡುತ್ತಿದೆ. ಎಲ್ಎಂಐಎ ಇರುವ ಉದ್ಯೋಗಕ್ಕೆ, ಅಂಕಗಳ ಮೇಲೆ ಪಿಆರ್‌ಗೆ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೆಚ್ಚಿನ ಅಂಕ ಸಿಗುತ್ತಿದ್ದುದು ನಿಜ, ಆದರೆ 2025ರ ಮಾರ್ಚ್ 25ರಿಂದ ಆ ಅಂಕಗಳನ್ನು ತೆಗೆದುಹಾಕಿದ್ದಾರೆ. ಕೆನಡಾದ ಅನುಭವ ಎಣಿಸುವಾಗ ಪರ್ಮಿಟ್ ಯಾವ ಬಗೆಯದು ಎಂದು ನೋಡುವುದಿಲ್ಲ. ಅನುಮತಿಯಿದ್ದ, ಕೌಶಲದ, ಸಂಬಳದ ಕೆಲಸವೇ ಎಂಬುದನ್ನು ನೋಡುತ್ತಾರೆ. ಹಾಗಾಗಿ ನೀವು ಓಪನ್ ಪರ್ಮಿಟ್‌ನಲ್ಲಿ ನಿಮ್ಮ ಓದಿಗೆ ತಕ್ಕ ಕೆಲಸ ಹಿಡಿದು ಒಂದು ವರ್ಷ ಪೂರೈಸಿದರೆ, ಮುಖ್ಯ ಅರ್ಜಿದಾರರು ನೀವೇ ಆಗಬಹುದು. ಯಾರ ಅಂಕ ಹೆಚ್ಚು ಬರುತ್ತದೆ ಎಂದು ಎರಡು ಬಗೆಯಲ್ಲೂ ಲೆಕ್ಕ ಹಾಕಿ ನೋಡಿ. ಯಜಮಾನರೇ ಮುಖ್ಯ ಅರ್ಜಿದಾರರಾಗಿ, ಅರ್ಜಿ ಪೂರ್ಣವಾಗಿದೆ ಎಂದು ಇಲಾಖೆ ಒಪ್ಪಿಕೊಂಡ ಮೇಲೆ, ಪರ್ಮಿಟ್ ಮುಗಿಯುತ್ತಾ ಬಂದಿದ್ದರೆ, ಪಿಆರ್ ತೀರ್ಮಾನವಾಗುವವರೆಗೆ ದುಡಿಯಲು ಅವರು ಬ್ರಿಡ್ಜಿಂಗ್ ಓಪನ್ ಪರ್ಮಿಟ್ ಕೇಳಬಹುದು. ಅವರ ಪತ್ರದಿಂದ ಕಂಪನಿಯ ಹೆಸರು ಹೋಗುವುದು ಆಗಲೇ.

ನಿಮ್ಮ ಮನೆಗೆ ಇದು ಬೇಕಾಗದಿರಲಿ, ಆದರೆ ಕ್ಲೋಸ್ಡ್ ಪರ್ಮಿಟ್‌ನಲ್ಲಿರುವ ಪರಿಚಯದವರಿಗೆ ತಿಳಿಸಿ. ಮಾಲೀಕರು ಸಂಬಳ ಹಿಡಿದಿಟ್ಟುಕೊಂಡರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಹೊಡೆದರೆ, ಹೆದರಿಸಿದರೆ, ಅಂಥ ದೌರ್ಜನ್ಯಕ್ಕೆ ಒಳಗಾದ ಕೆಲಸಗಾರರಿಗೆಂದೇ 2019ರ ಜೂನ್‌ನಿಂದ ಒಂದು ಓಪನ್ ಪರ್ಮಿಟ್ ಇದೆ. ಅದಕ್ಕೆ ಶುಲ್ಕವಿಲ್ಲ. ದೌರ್ಜನ್ಯದ ವಿವರವನ್ನು ಪತ್ರದಲ್ಲಿ ಬರೆದು, ಸಂಬಳದ ಚೀಟಿ, ಬ್ಯಾಂಕ್ ಪಟ್ಟಿ, ವಾಟ್ಸ್ಯಾಪ್ ಸಂದೇಶಗಳಂಥ ಆಧಾರಗಳನ್ನು ಲಗತ್ತಿಸಿ, ದೇಶದೊಳಗಿನಿಂದ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಕೈಯಲ್ಲಿರುವ ಕ್ಲೋಸ್ಡ್ ಪರ್ಮಿಟ್‌ನ ಅವಧಿ ಮುಗಿಯುವ ಮೊದಲೇ ಹಾಕುವುದು ಮುಖ್ಯ.