ಪೂರ್ತಿ ಚಾರ್ಜ್ ಆಗಿದ್ದ ಕಾರು ಹೊರಡದ ಬೆಳಗು

ನವೆಂಬರ್ 18, 2024, ಸೋಮವಾರ, ರಾತ್ರಿ

ಬೆಳಿಗ್ಗೆ ಆರೂವರೆಗೆ ನಮ್ಮ ಎಲೆಕ್ಟ್ರಿಕ್ ಕಾರಿನ ಬಳಿ ಹೋಗಿ ರಿಮೋಟ್ ಒತ್ತಿದಾಗ ಬಾಗಿಲಿನ ಲಾಕ್ ತೆರೆದುಕೊಳ್ಳುವುದು ಎರಡು ಮೂರು ಕ್ಷಣ ತಡವಾಯಿತು. ಬ್ರೇಕ್ ತುಳಿದು ಸ್ಟಾರ್ಟ್ ಬಟನ್ ಒತ್ತಿದೊಡನೆ ಪರದೆ ಬೆಳಗಿ, ಬ್ಯಾಟರಿ 100% ಎಂದು ತೋರಿಸಿ, ಒಮ್ಮೆ ಪೂರ್ತಿ ಮಂಕಾಗಿ, ಮತ್ತೆ ಹೊತ್ತಿಕೊಂಡಿತು. ಅದಾದ ಮೇಲೆ ಬ್ರೇಕ್, ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್, ಕೊನೆಗೆ ಚಾಲನಾ ವ್ಯವಸ್ಥೆಯದೇ ದೋಷ ಎಂದು ಒಂದರ ಹಿಂದೊಂದು ಎಚ್ಚರಿಕೆಗಳು ಬಂದವು. ಸೀಟಿನ ಅಡಿಯಿಂದ ದಿನವೂ ಕೇಳಿಸುವ ‘ಟಕ್’ ಸದ್ದು ಕೇಳಿಸಿತಾದರೂ ಮರುಕ್ಷಣವೇ ಅದು ಬಿಟ್ಟುಕೊಂಡ ಸದ್ದೂ ಕೇಳಿಸಿತು. ಕಾರು ಓಡಲು ಸಿದ್ಧವೆಂದು ತಿಳಿಸುವ READY ಎಂಬ ಅಕ್ಷರ ಬರಲೇ ಇಲ್ಲ.

ಪಕ್ಕದಲ್ಲಿ ಕುಳಿತಿದ್ದ ಮಗಳು, “ಬ್ಯಾಟರಿ ಪೂರ್ತಿ ಇದೆಯಲ್ಲ ಅಪ್ಪಾ, ಮತ್ತೇನಾಯಿತು?” ಎಂದು ಕೇಳಿದಳು. ಇಂದಿನ ದಿನವೆಲ್ಲ ಕಳೆದದ್ದು ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ.

ನೆಲದಡಿಯ ದೊಡ್ಡ ಬ್ಯಾಟರಿ ಮುನ್ನೂರು ನಾನೂರು ವೋಲ್ಟಿನದು. ಕಾರು ನಿಂತಿರುವಾಗ ಅದು ಕಾಂಟ್ಯಾಕ್ಟರ್ ಎಂಬ ದಪ್ಪ ರಿಲೇಗಳ ಹಿಂದೆ ಎಲ್ಲ ಸಂಪರ್ಕವನ್ನೂ ಕಡಿದುಕೊಂಡು ಇರುತ್ತದೆ. ಅಪಘಾತವಾದಾಗಲೂ ದುರಸ್ತಿಯ ವೇಳೆಯಲ್ಲೂ ಆ ವೋಲ್ಟೇಜ್ ಹೊರಗೆ ಬರಬಾರದೆಂದೇ ಈ ಏರ್ಪಾಡು. ಆ ರಿಲೇಗಳನ್ನು ಎಳೆದು ಹಿಡಿಯುವ ಸುರುಳಿಗಳೂ, ಅವುಗಳಿಗೆ ಅಪ್ಪಣೆ ಕೊಡುವ ಕಂಪ್ಯೂಟರುಗಳೂ ಕೆಲಸ ಮಾಡುವುದು ಬಾನೆಟ್ಟಿನೊಳಗಿರುವ ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ರಿಲೇಗಳು ಕೂಡಿಕೊಂಡ ಮೇಲೆ ಡಿಸಿ-ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ ವಿದ್ಯುತ್ತನ್ನು ಇಳಿಸಿಕೊಂಡು ಸಣ್ಣದನ್ನು ತುಂಬಿಸುತ್ತದೆ. ಆದರೆ ಅವು ಕೂಡಿಕೊಳ್ಳುವ ಮೊದಲ ಕ್ಷಣಕ್ಕೆ ಬೇಕಾದ ಶಕ್ತಿಯನ್ನು ಸಣ್ಣ ಬ್ಯಾಟರಿಯೇ ಕೊಡಬೇಕು. ಅದು ಕೈಬಿಟ್ಟರೆ ತುಂಬಿದ ಕಣಜದ ಬೀಗದ ಕೈ ಕಳೆದುಕೊಂಡ ಹಾಗೆಯೇ. ಚಾರ್ಜರನ್ನು ಮತ್ತೆ ಸಿಕ್ಕಿಸಿದರೂ ಕಾರು ಅದನ್ನು ಗುರುತಿಸಲಿಲ್ಲ, ಏಕೆಂದರೆ ಚಾರ್ಜಿಂಗ್ ಆರಂಭಿಸುವುದಕ್ಕೂ ಇದೇ 12 ವೋಲ್ಟ್ ಬೇಕು.

ಮಲ್ಟಿಮೀಟರ್ ತಂದು ಸಣ್ಣ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಹಿಡಿದೆ. 11.9 ವೋಲ್ಟ್ ತೋರಿಸಿತು. ಚೆನ್ನಾಗಿ ತುಂಬಿದ ಸೀಸ-ಆಮ್ಲದ ಬ್ಯಾಟರಿ ಸುಮ್ಮನಿರುವಾಗ 12.6 ಅಥವಾ 12.7 ತೋರಿಸಬೇಕು, 12.0ರ ಆಸುಪಾಸಿಗೆ ಬಂದರೆ ಮುಕ್ಕಾಲು ಪಾಲು ಖಾಲಿಯಾಗಿದೆ ಎಂದು ಲೆಕ್ಕ. ಮೀಟರನ್ನು ಹಾಗೆಯೇ ಹಿಡಿದುಕೊಂಡು, ಮಗಳಿಗೆ ಬ್ರೇಕ್ ತುಳಿದು ಬಟನ್ ಒತ್ತಲು ಹೇಳಿದೆ. ಅಂಕಿ 11.9ರಿಂದ 8.7ಕ್ಕೆ ಕುಸಿದು, ರಿಲೇ ಬಿಟ್ಟುಕೊಂಡ ಮೇಲೆ ನಿಧಾನವಾಗಿ ಮೇಲೇರಿತು. ಆ ಕುಸಿತದಲ್ಲಿ ಒಂದೊಂದು ಕಂಪ್ಯೂಟರೂ ಕ್ಷಣಕಾಲ ಎಚ್ಚರ ತಪ್ಪುತ್ತದೆ, ಉಳಿದವು ಅದರಿಂದ ಉತ್ತರ ಬರಲಿಲ್ಲವೆಂದು ದೋಷ ದಾಖಲಿಸುತ್ತವೆ. ಬ್ರೇಕಿಗೂ ಏರ್‌ಬ್ಯಾಗಿಗೂ ಒಟ್ಟಿಗೇ ರೋಗ ಬಂದಂತೆ ಕಂಡದ್ದು ಇದರಿಂದ. ಒಂದಕ್ಕೊಂದು ಸಂಬಂಧವಿಲ್ಲದ ಎಚ್ಚರಿಕೆಗಳು ಒಂದೇ ಉಸಿರಿನಲ್ಲಿ ಬಂದಾಗ ಮೊದಲು ಅಳೆಯಬೇಕಾದದ್ದು ಈ ಸಣ್ಣ ಬ್ಯಾಟರಿಯನ್ನು ಎಂದು ನಾನು ದೃಢವಾಗಿ ನಂಬುತ್ತೇನೆ.

ಹೊರಗಿನಿಂದ 12 ವೋಲ್ಟ್ ಕೊಡುವ ಬೂಸ್ಟರನ್ನು ಕೆಂಪು ತಂತಿ ಧನ ಟರ್ಮಿನಲ್ಲಿಗೂ ಕಪ್ಪು ತಂತಿ ಬಾಡಿಯ ಲೋಹದ ಬೋಲ್ಟಿಗೂ ಸೇರುವಂತೆ ಜೋಡಿಸಿದೆ. ದೊಡ್ಡ ಬ್ಯಾಟರಿಯ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಹೋಗದಂತೆ ನೋಡಿಕೊಂಡೆ. ಎಂಜಿನ್ ತಿರುಗಿಸಬೇಕಾಗಿಲ್ಲವಾದ್ದರಿಂದ ಇಲ್ಲಿ ಬೇಕಾಗುವ ಕರೆಂಟ್ ಕಡಿಮೆ. ಬಟನ್ ಒತ್ತಿದ ತಕ್ಷಣ READY ಬಂತು, ಮೀಟರ್ 14.3ಕ್ಕೆ ಏರಿ ನಿಂತಿತು. ಅಂದರೆ ಡಿಸಿ-ಡಿಸಿ ಕನ್ವರ್ಟರ್ ಚೆನ್ನಾಗಿಯೇ ಇದೆ. READY ಬಂದ ಮೇಲೂ ಅಂಕಿ 12ರ ಸುತ್ತಲೇ ಉಳಿದು ಇಳಿಯುತ್ತ ಹೋಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆಗ ಹೊಸ ಬ್ಯಾಟರಿ ಹಾಕಿದರೂ ಅದು ದಾರಿಯಲ್ಲೇ ಖಾಲಿಯಾಗುತ್ತಿತ್ತು.

ಇಲ್ಲಿಗೆ ನಿಲ್ಲಿಸಿ ಬ್ಯಾಟರಿ ಬದಲಿಸಬಹುದಿತ್ತು. ಆದರೆ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿತ್ತು. ನಮ್ಮ ಕಾರಿನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವಷ್ಟು ಹೊತ್ತೂ ಸಣ್ಣದೂ ತುಂಬಿಕೊಳ್ಳುತ್ತದೆ, ಮತ್ತು ಫೋನಿನಲ್ಲಿ ನೋಡಿದರೆ ರಾತ್ರಿ ಒಂದೂವರೆಗೆ ಚಾರ್ಜಿಂಗ್ ಮುಗಿದಿತ್ತು. ಐದು ಗಂಟೆಗಳಲ್ಲಿ ಅದು ಈ ಸ್ಥಿತಿಗೆ ಬಂದಿದ್ದರೆ, ಒಂದೋ ಯಾವುದೋ ಉಪಕರಣ ನಿದ್ದೆ ಮಾಡದೆ ಕರೆಂಟ್ ಎಳೆದಿರಬೇಕು, ಇಲ್ಲವೇ ಬ್ಯಾಟರಿಗೇ ಹಿಡಿದಿಡುವ ಶಕ್ತಿ ಹೋಗಿರಬೇಕು. ಮೊದಲನೆಯದು ನಿಜವಾಗಿದ್ದರೆ ಹೊಸ ಬ್ಯಾಟರಿಯೂ ಹಾಳಾಗುತ್ತದೆ. ನಮ್ಮದು 45 ಆಂಪಿಯರ್-ಗಂಟೆಯದು. ಅದರ ಮುಕ್ಕಾಲು ಪಾಲು, ಅಂದರೆ ಸುಮಾರು 34, ಐದು ಗಂಟೆಯಲ್ಲಿ ಸೋರಬೇಕಾದರೆ ಸತತವಾಗಿ ಆರೇಳು ಆಂಪಿಯರ್ ಹರಿದಿರಬೇಕು.

ಕಾರನ್ನು ಒಂದು ಗಂಟೆ READYಯಲ್ಲಿಟ್ಟು ಆರಿಸಿದ ಮೇಲೆ ಪರಿಚಯದ ಮೆಕ್ಯಾನಿಕ್ ಬಂದು, ಋಣ ಟರ್ಮಿನಲ್ಲಿನ ಸಂಪರ್ಕ ಒಂದು ಕ್ಷಣವೂ ತಪ್ಪದ ಹಾಗೆ ಮೀಟರನ್ನು ಸಾಲಿನಲ್ಲಿ ಸೇರಿಸಿದರು. ಸಂಪರ್ಕ ತಪ್ಪಿದರೆ ಎಲ್ಲ ಕಂಪ್ಯೂಟರುಗಳೂ ಹೊಸದಾಗಿ ಎಚ್ಚರಗೊಂಡು ಅಳತೆ ಕೆಡುತ್ತದೆ. ಬಾನೆಟ್ ತೆರೆದಿದ್ದರೂ ಮುಚ್ಚಿದೆಯೆಂದು ಕಾರು ತಿಳಿಯಲಿ ಎಂದು ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಿ, ಬಾಗಿಲುಗಳನ್ನು ಲಾಕ್ ಮಾಡಿ, ಕೀಲಿಯನ್ನು ದೂರ ಇಟ್ಟು ಕಾದೆವು. ಮೊದಲು 4 ಆಂಪಿಯರ್ ಇದ್ದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಇಪ್ಪತ್ತೈದು ನಿಮಿಷಗಳ ಹೊತ್ತಿಗೆ 0.03ರಲ್ಲಿ ನಿಂತಿತು, ಮುಂದಿನ ಒಂದು ಗಂಟೆಯೂ ಅಲ್ಲೇ ಇತ್ತು. ಇಷ್ಟು ಅಲ್ಪ ಹರಿವಿನಿಂದ ಒಂದು ರಾತ್ರಿಯಲ್ಲಿ ಬ್ಯಾಟರಿ ಖಾಲಿಯಾಗುವುದು ಸಾಧ್ಯವೇ ಇಲ್ಲ.

ಅಷ್ಟು ಹೊತ್ತಿಗೆ ಬ್ಯಾಟರಿ 12.5 ತೋರಿಸುತ್ತಿತ್ತು, ನೋಡಿದರೆ ಪರವಾಗಿಲ್ಲ ಎನ್ನಿಸುವ ಅಂಕಿ. ಮೆಕ್ಯಾನಿಕ್, “ಸುಮ್ಮನಿದ್ದಾಗ ಬರುವ ಅಂಕಿಯನ್ನು ನಂಬಬೇಡಿ ಸಾರ್, ಭಾರ ಹಾಕಿ ನೋಡಿ,” ಎಂದರು. READYಗೆ ಹೋಗದಂತೆ, ಬ್ರೇಕ್ ತುಳಿಯದೆ ಬಟನ್ ಒತ್ತಿ, ಹೆಡ್‌ಲೈಟ್ ಹಾಕಿದೆವು. ಮೂರು ನಿಮಿಷ ಕಳೆಯುವಷ್ಟರಲ್ಲಿ 11.2ಕ್ಕೆ ಬಂದು ಇನ್ನೂ ಇಳಿಯುತ್ತಲೇ ಇತ್ತು. ಬ್ಯಾಟರಿಯ ಒಳಗಿನ ಫಲಕಗಳಲ್ಲಿ ಸತ್ವ ಉಳಿದಿರಲಿಲ್ಲ. ನಾಲ್ಕು ವರ್ಷ ದುಡಿದಿದ್ದ ಬ್ಯಾಟರಿ ಅದು. ಪೆಟ್ರೋಲ್ ಕಾರಿನಲ್ಲಾಗಿದ್ದರೆ ವಾರಗಳ ಮೊದಲೇ ಸ್ಟಾರ್ಟರ್ ಮೋಟರ್ ಎಳೆದೆಳೆದು ತಿರುಗಿ ಸೂಚನೆ ಕೊಡುತ್ತಿತ್ತು. ಇಲ್ಲಿ ಅಂಥ ದೊಡ್ಡ ಭಾರ ದಿನವೂ ಬೀಳದಿರುವುದರಿಂದ ಸವೆದ ಬ್ಯಾಟರಿಯೂ ಕೊನೆಯ ದಿನದವರೆಗೆ ಹೇಗೋ ಕೆಲಸ ನಡೆಸುತ್ತದೆ. ಕಳೆದ ವಾರ ಎರಡು ಬಾರಿ ಪರದೆಯ ಗಡಿಯಾರ ತಾನಾಗಿಯೇ ಹಿಂದಕ್ಕೆ ಹೋಗಿತ್ತು. ಅದನ್ನು ಸರಿಪಡಿಸಿ ಸುಮ್ಮನಾಗಿದ್ದೆ.

ಮಧ್ಯಾಹ್ನ ಮೂರಕ್ಕೆ, ಚಾರ್ಜರ್ ತೆಗೆದು, ಕಾರನ್ನು ಆರಿಸಿ, ಋಣ ತಂತಿಯನ್ನು ಮೊದಲು ಬಿಚ್ಚಿ, ಹಳೆಯದರಂತೆಯೇ ಎಜಿಎಂ ಬಗೆಯ, ಅದೇ ಅಳತೆಯ ಹೊಸದನ್ನು ಕೂರಿಸಿದೆವು. ಋಣ ಟರ್ಮಿನಲ್ಲಿಗೆ ಅಂಟಿಕೊಂಡಿರುವ ಪುಟ್ಟ ಸೆನ್ಸರನ್ನು ತಿರುಚದೆ ಹಿಂದಿನ ಜಾಗಕ್ಕೇ ಹಾಕಿದೆವು. ದಾಖಲಾಗಿದ್ದ ದೋಷಗಳನ್ನು ಸ್ಕ್ಯಾನರಿನಿಂದ ಅಳಿಸಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿದೆ, ಒಂದೂ ಮರಳಿ ಬರಲಿಲ್ಲ. ಈಗ ಬ್ಯಾಟರಿ 12.7 ತೋರಿಸುತ್ತಿದೆ. ಇಂದು ರಾತ್ರಿ ಚಾರ್ಜರ್ ಹಾಕದೆ ಬಿಟ್ಟಿದ್ದೇನೆ, ಬಾನೆಟ್ಟಿನ ಕೊಂಡಿಯನ್ನು ಮತ್ತೆ ಹಾಗೆಯೇ ಒತ್ತಿಟ್ಟಿದ್ದೇನೆ. ಬೆಳಿಗ್ಗೆ ಲಾಕ್ ತೆಗೆಯುವ ಮೊದಲೇ, ಕಾರು ಎಚ್ಚರಗೊಳ್ಳದಿರುವಾಗ, ಇನ್ನೊಮ್ಮೆ ಅಳೆಯಬೇಕು.