ಅಣ್ಣನ ಮಂಡಿ, ತಂಗಿಯ ಹಿಮ್ಮಡಿ

14 ಮಾರ್ಚ್ 2025, ಶುಕ್ರವಾರ

ಇವತ್ತು ಫಿಸಿಯೋಥೆರಪಿಗೆ ಒಂದೇ ಮನೆಯ ಇಬ್ಬರು ಮಕ್ಕಳು ಬಂದಿದ್ದರು. ಅಣ್ಣನಿಗೆ 13 ವರ್ಷ, ಫುಟ್‌ಬಾಲ್ ಆಟಗಾರ, ಬಲ ಮಂಡಿಯಲ್ಲಿ ನೋವು. ತಂಗಿಗೆ 10, ಓಡುವವಳು, ಎರಡೂ ಹಿಮ್ಮಡಿಯಲ್ಲಿ ನೋವು. ನೋವಿನ ಜಾಗ ಬೇರೆಯಾದರೂ ಕಾರಣ ಒಂದೇ. ಬೆಳೆಯುವ ಮಕ್ಕಳಲ್ಲಿ ಸ್ನಾಯುರಜ್ಜು ಬಂದು ಅಂಟಿಕೊಳ್ಳುವ ಮೂಳೆಯ ತುದಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ಜಿಗಿದಾಗ, ಓಡಿದಾಗ ಸ್ನಾಯು ಅದನ್ನು ಮತ್ತೆ ಮತ್ತೆ ಎಳೆಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪಿನ ಕೆಳಗಿನ ಗುಬುಟನ್ನು ಎಳೆದು ಬರುವ ನೋವಿಗೆ ಆಸ್ಗುಡ್-ಶ್ಲಾಟರ್ ಎಂದು ಹೆಸರು, ಮೀನಖಂಡ ಹಿಮ್ಮಡಿಯ ಹಿಂಭಾಗವನ್ನು ಎಳೆದು ಬರುವುದಕ್ಕೆ ಸೀವರ್ಸ್. ಹಿಮ್ಮಡಿಯದು ಸಾಮಾನ್ಯವಾಗಿ 8ರಿಂದ 12ರೊಳಗೆ ಕಾಣಿಸಿಕೊಳ್ಳುತ್ತದೆ. ಮಂಡಿಯದು ಹುಡುಗಿಯರಲ್ಲಿ 10-13ಕ್ಕೆ, ಹುಡುಗರಲ್ಲಿ 12-15ಕ್ಕೆ.

ತಂಗಿಯದು ಬೇಗ ಮುಗಿಯಿತು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಒತ್ತಿ ಹಿಡಿದ ಕೂಡಲೇ ಕಾಲು ಎಳೆದುಕೊಂಡಳು. ಬೇರೆಡೆ ತೆಗೆಸಿದ ಎಕ್ಸ್‌ರೇ ನೋಡಿ, "ಮೂಳೆ ಚೂರಾಗಿದೆಯಂತೆ ಮೇಡಂ" ಎಂದು ತಾಯಿ ಗಾಬರಿಯಾಗಿದ್ದರು. ಈ ವಯಸ್ಸಿನಲ್ಲಿ ಹಿಮ್ಮಡಿಯ ಬೆಳೆಯುವ ತುದಿ ಬೆಳ್ಳಗೆ, ತುಂಡುತುಂಡಾಗಿ ಕಾಣುವುದು ಸಹಜ. ನೋವೇ ಇಲ್ಲದ ಮಕ್ಕಳಲ್ಲೂ ಹಾಗೇ ಕಾಣುತ್ತದೆ. ಎರಡೂ ಶೂಗಳೊಳಗೆ ಹಿಮ್ಮಡಿಗೆ ಮೆತ್ತೆ ಇಡಲು ಹೇಳಿದೆ. ಗಟ್ಟಿ ನೆಲದಲ್ಲಿ ಬರಿಗಾಲಲ್ಲಿ ಓಡುವುದು ಸದ್ಯಕ್ಕೆ ಬೇಡ.

ಅಣ್ಣನದು ಸ್ವಲ್ಪ ಹೊತ್ತು ಹಿಡಿಯಿತು. ಹಿಂದೆ ಅವನಿಗೆ ಎರಡು ತಿಂಗಳು ಆಟವನ್ನೇ ಬಿಡಿಸಿದ್ದರು. ನೋವು ಹೋಯಿತು, ಮೈದಾನಕ್ಕೆ ಇಳಿದ ಮೊದಲ ವಾರವೇ ತಿರುಗಿ ಬಂತು. ಇದರಲ್ಲಿ ಆಶ್ಚರ್ಯವೇನಿಲ್ಲ. ಸುಮ್ಮನೆ ಕೂತಾಗ ತೊಡೆಯ ಬಲ ಕುಗ್ಗುತ್ತದೆ, ಆಮೇಲೆ ಒಮ್ಮೆಲೇ ಪೂರ್ತಿ ಆಟದ ಭಾರ ಬೀಳುತ್ತದೆ. ಆಟ ನಿಲ್ಲಿಸಿಬಿಡುವುದು ಸುಲಭದ ಸಲಹೆ. ಭಾರವನ್ನು ಅಳೆದು ಕೊಡುವುದೇ ನಿಜವಾದ ಚಿಕಿತ್ಸೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಂಡಿಚಿಪ್ಪಿನ ಕೆಳಗಿನ ಉಬ್ಬನ್ನು ಹೆಬ್ಬೆರಳಲ್ಲಿ ಒತ್ತಿದಾಗ ಮುಖ ಕಿವುಚಿದ. ಮಂಡಿಯ ಕೀಲಿನೊಳಗೆ ಊತವಿಲ್ಲ. ನಾನು ತಡೆ ಕೊಟ್ಟು ಕಾಲು ನೀಟಿಸಿದಾಗ ಅದೇ ಜಾಗದಲ್ಲಿ ನೋವು. ಬೋರಲು ಮಲಗಿಸಿ ಮಂಡಿ ಮಡಿಸಿದರೆ ಹಿಮ್ಮಡಿ ಪೃಷ್ಠಕ್ಕೆ ಒಂದು ಗೇಣು ದೂರದಲ್ಲೇ ನಿಂತಿತು, ಅಂದರೆ ತೊಡೆ ಅಷ್ಟು ಬಿಗಿಯಾಗಿದೆ. ಸೊಂಟದ ಕೀಲನ್ನೂ ಒಳಕ್ಕೆ ತಿರುಗಿಸಿ ನೋಡಿದೆ. ಈ ವಯಸ್ಸಿನಲ್ಲಿ ಸೊಂಟದ ಕೀಲಿನ ಗುಂಡು ಜಾರಿದ್ದರೂ ನೋವು ಮಂಡಿಯಲ್ಲೇ ಕಾಣಿಸಬಹುದು, ಹಾಗಾಗಿ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಅದು ಸರಿಯಾಗಿತ್ತು.

ಆಮೇಲೆ ಅವನನ್ನೇ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಹೇಳಿದೆ. ನಡೆದರೆ 1, ಮೆಟ್ಟಿಲಿಳಿದರೆ 3, ಜಿಗಿದರೆ 7, ಮಂಡಿಯೂರಿದರೆ 8. ಈ ಅಂಕಗಳ ಮೇಲೆಯೇ ಯೋಜನೆ ನಿಂತಿತು. ಆಡುವಾಗ 3ರವರೆಗಿನ ನೋವು ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆಗೆ ಅದು ಎಂದಿನ ಮಟ್ಟಕ್ಕೆ ಇಳಿದಿರಬೇಕು. ಬೆಳಿಗ್ಗೆ ಹೆಚ್ಚಿದ್ದರೆ ಹಿಂದಿನ ದಿನದ ಆಟ ಜಾಸ್ತಿಯಾಯಿತು ಎಂದೇ ಅರ್ಥ, ಒಂದು ಹಂತ ಕೆಳಗಿಳಿಯಬೇಕು.

ಮೊದಲ ನಾಲ್ಕು ವಾರ ಜಿಗಿತ, ವೇಗದ ಓಟ, ಜೋರಾಗಿ ಗೋಲಿಗೆ ಒದೆಯುವುದು, ಮಂಡಿಯೂರುವುದು ಬೇಡ. ನಿಂತಲ್ಲೇ ಪಾಸ್ ಕೊಡಬಹುದು, ಈಜಬಹುದು, ಸೀಟು ಎತ್ತರಿಸಿಕೊಂಡು ಸೈಕಲ್ ತುಳಿಯಬಹುದು. ಜೊತೆಗೆ ದಿನಾ ಒಂದು ವ್ಯಾಯಾಮ: ಕುರ್ಚಿಯಲ್ಲಿ ಕೂತು, ಅಲುಗದ ತಡೆಗೆ ಪಾದ ಒತ್ತಿ, ಮಂಡಿ ನೀಟದ ಹಾಗೆ ತೊಡೆಯನ್ನು 30 ಸೆಕೆಂಡ್ ಬಿಗಿಹಿಡಿಯುವುದು, ಐದು ಸಲ. ತೊಡೆಯ ಸ್ಟ್ರೆಚ್ ಮಾತ್ರ ಮೆಲ್ಲಗೆ. ಜೋರಾಗಿ ಎಳೆದರೆ ನೋವಿರುವ ತುದಿಯನ್ನೇ ಎಳೆದಂತೆ. ಅಲ್ಲಿಂದ ಮುಂದೆ ಗೋಡೆಗೊರಗಿ ಅರ್ಧ ಕೂರುವುದು, ನೇರ ಜಾಗಿಂಗ್, ವೇಗ, ಜಿಗಿತ, ಕೊನೆಗೆ ಪಂದ್ಯ. ಈ ದಾರಿ ಕೆಲವು ತಿಂಗಳೇ ಹಿಡಿಯಬಹುದೆಂದು ಮುಚ್ಚಿಡದೆ ಹೇಳಿದೆ.

"ಈ ಗುಬುಟು ಹೋಗುತ್ತಾ ಆಂಟಿ?" ಎಂದ. ಬೆಳವಣಿಗೆ ಮುಗಿದು ಮೂಳೆ ಕೂಡಿಕೊಂಡಾಗ ಸಾಮಾನ್ಯವಾಗಿ ನೋವು ಹೋಗುತ್ತದೆ, ಉಬ್ಬು ಮಾತ್ರ ಉಳಿಯಬಹುದು. ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸುವುದು ಬೇಡ ಎಂದು ತಾಯಿಗೂ ಹೇಳಿದೆ. ರಾತ್ರಿ ಎಬ್ಬಿಸುವ ನೋವು, ಜ್ವರ, ಅಥವಾ ಆಡುವಾಗ ಫಟ್ಟೆಂದು ಸದ್ದಾಗಿ ಕಾಲು ನೀಟಲಾಗದೆ ಹೋದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕೋಚ್‌ಗೆ ಕೊಡಲು ಚೀಟಿ ಬರೆದುಕೊಟ್ಟೆ: ಹುಡುಗ ತಂಡದ ಜೊತೆಗೇ ಇರಲಿ, ಪಾಸಿಂಗ್ ಅಭ್ಯಾಸ ಮಾಡಲಿ, ಜಿಗಿತ ಬೇಡ, ನೋವಿನ ಅಂಕ 3 ದಾಟಿತೆಂದು ಅವನು ಹೇಳಿದರೆ ಅಲ್ಲಿಗೇ ನಿಲ್ಲಿಸಿ.